ಅದೇ ಸಾಲ್ಟ್, ಕಡಿಮೆ ಬೆಲೆ: ಚೀಟಿಯಲ್ಲಿರುವ ಬ್ರ್ಯಾಂಡ್ ಮಾತ್ರೆಗೆ ಸಮನಾದ ಜನರಿಕ್ ಔಷಧವನ್ನು ಹುಡುಕುವ ಕ್ರಮ

ಅಮ್ಮನ ಚೀಟಿಯಲ್ಲಿ ಮೂರು ಸಾಲುಗಳಿವೆ. ಮೊದಲನೆಯದು ಬಿಪಿಗೆ ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳುವ ಮಾತ್ರೆ. ಎರಡನೆಯದು ಎದೆಬಡಿತವನ್ನು ಹತೋಟಿಯಲ್ಲಿಡುವ ಮಾತ್ರೆ, ಅದೂ ದಿನಕ್ಕೆ ಒಂದೇ. ಮೂರನೆಯದು ಥೈರಾಯ್ಡ್ ಮಾತ್ರೆ, ಖಾಲಿ ಹೊಟ್ಟೆಗೆ. ಮೂರನ್ನೂ ವೈದ್ಯರು ಕಂಪನಿಯ ಹೆಸರಿನಲ್ಲೇ ಬರೆದಿದ್ದಾರೆ. ಮೂರೂ ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳಾದ್ದರಿಂದ, ಒಂದು ಮಾತ್ರೆಯಲ್ಲಿ ಉಳಿಯುವ ಐದಾರು ರೂಪಾಯಿ ವರ್ಷದ ಕೊನೆಗೆ ಸಾವಿರಗಳ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಔಷಧ ವಿತರಣೆಯೇ ನನ್ನ ಕೆಲಸವಾಗಿದ್ದರೂ ಮನೆಯ ಚೀಟಿಗೆ ಜನರಿಕ್ ಹುಡುಕಲು ಕುಳಿತಾಗ ನಾನು ಒಂದೊಂದೇ ಹೆಜ್ಜೆಯನ್ನು ಕ್ರಮವಾಗಿ ಇಟ್ಟೆ. ಆ ಕ್ರಮವನ್ನೇ, ಇದೇ ಮೂರು ಮಾತ್ರೆಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬ್ರ್ಯಾಂಡ್ ಹೆಸರನ್ನು ಬಿಟ್ಟು ಕಂಪೊಸಿಷನ್ ಸಾಲನ್ನು ಓದುವುದು

ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿಯನ್ನು ನೋಡಿ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ‘ಈಚ್ ಟ್ಯಾಬ್ಲೆಟ್ ಕಂಟೇನ್ಸ್’ ಎಂದು ಶುರುವಾಗುವ ಭಾಗವಿರುತ್ತದೆ. ನಡುವೆ ‘ಫಿಲ್ಮ್ ಕೋಟೆಡ್’, ‘ಬೈಲೇಯರ್ಡ್’, ‘ಪ್ರೊಲಾಂಗ್ಡ್ ರಿಲೀಸ್’ ಎಂಬಂಥ ಪದಗಳೂ ಸೇರಿರಬಹುದು. ನಮ್ಮ ಹುಡುಕಾಟವೆಲ್ಲ ನಿಂತಿರುವುದು ಈ ಭಾಗದ ಮೇಲೆ. ಅಕ್ಷರ ಓದಲಾಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಸ್ಟ್ರಿಪ್ ಕತ್ತರಿಸಿಕೊಟ್ಟಿದ್ದರಿಂದ ಆ ಭಾಗವೇ ಇಲ್ಲವಾದರೆ, ಮುಂದಿನ ಬಾರಿ ಪೂರ್ತಿ ಸ್ಟ್ರಿಪ್ ತೆಗೆದುಕೊಳ್ಳುವವರೆಗೆ ಕಾಯುವುದೇ ಲೇಸು. ನೆನಪಿನ ಮೇಲೆ ಬದಲಿ ಮಾತ್ರೆ ಹುಡುಕುವುದು ಬೇಡ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಪ್ಯಾಕಿನ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಅಥವಾ ಬಾರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿದರೂ ಔಷಧದ ನಿಜನಾಮ, ತಯಾರಕರು ಮತ್ತು ಬ್ಯಾಚ್ ಸಂಖ್ಯೆ ತಿಳಿಯಬೇಕು.

ಈ ಸಾಲಿನಿಂದ ನಾಲ್ಕು ಸಂಗತಿಗಳನ್ನು ಬಿಡಿಸಿಕೊಳ್ಳಬೇಕು: ಔಷಧ ಯಾವುದು, ಅದರ ಲವಣ ರೂಪ ಯಾವುದು, ಪ್ರಮಾಣ ಎಷ್ಟು ಮತ್ತು ಆ ಪ್ರಮಾಣವನ್ನು ಯಾವುದರ ಲೆಕ್ಕದಲ್ಲಿ ಹೇಳಿದ್ದಾರೆ, ಹಾಗೂ ಮಾತ್ರೆ ಹೊಟ್ಟೆಯಲ್ಲಿ ಒಮ್ಮೆಲೇ ಕರಗುವುದೋ ನಿಧಾನವಾಗಿ ಬಿಡುಗಡೆಯಾಗುವುದೋ. ಮಾತಿನಲ್ಲಿ ನಾವು ‘ಸಾಲ್ಟ್ ಒಂದೇ’ ಎನ್ನುವಾಗ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡಿರುತ್ತೇವೆ. ತಪ್ಪುಗಳು ಆಗುವುದು ಉಳಿದ ಮೂರರಲ್ಲಿ.

ಅಮ್ಮನ ಮೊದಲ ಮಾತ್ರೆಯ ಹಿಂದೆ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ, ಅದರ ಕೆಳಗೆ ‘ಆಮ್ಲೋಡಿಪಿನ್ ಬೆಸಿಲೇಟ್, ಈಕ್ವಿವಲೆಂಟ್ ಟು ಆಮ್ಲೋಡಿಪಿನ್ 5 ಮಿ.ಗ್ರಾಂ’ ಎಂದಿದೆ. ಬೆಸಿಲೇಟ್ ಎನ್ನುವುದು ಲವಣದ ಹೆಸರು. ಲವಣದ ಭಾರವನ್ನೂ ಸೇರಿಸಿದರೆ ಮಾತ್ರೆಯಲ್ಲಿರುವುದು ಸುಮಾರು 6.9 ಮಿ.ಗ್ರಾಂ. ಕೆಲಸ ಮಾಡುವ ಆಮ್ಲೋಡಿಪಿನ್ ಭಾಗ ಮಾತ್ರ 5 ಮಿ.ಗ್ರಾಂ. ಆದ್ದರಿಂದ ಹೋಲಿಸಬೇಕಾದದ್ದು ‘ಈಕ್ವಿವಲೆಂಟ್ ಟು’ ಎಂಬುದರ ನಂತರ ಬರುವ ಸಂಖ್ಯೆಯನ್ನು. ಇದೇ ಜಾಗದಲ್ಲಿ ಇನ್ನೊಂದು ತೊಡಕೂ ಇದೆ. ಅಂಗಡಿಯಲ್ಲಿ ಎಸ್-ಆಮ್ಲೋಡಿಪಿನ್ 2.5 ಮಿ.ಗ್ರಾಂ ಇರುವ ಮಾತ್ರೆಗಳೂ ಸಿಗುತ್ತವೆ. ಆಮ್ಲೋಡಿಪಿನ್ ಅಣುವಿನ ಎರಡು ರೂಪಗಳಲ್ಲಿ ಕೆಲಸ ಮಾಡುವ ಒಂದನ್ನು ಮಾತ್ರ ಬೇರ್ಪಡಿಸಿ ಮಾಡಿದ ಮಾತ್ರೆ ಅದು. ಅದರ 2.5 ಮಿ.ಗ್ರಾಂ ಸಾಮಾನ್ಯ ಆಮ್ಲೋಡಿಪಿನ್‌ನ 5 ಮಿ.ಗ್ರಾಂಗೆ ಸಮ. ಇದನ್ನು ತಿಳಿಯದವರು ‘ಇದು ಅರ್ಧ ಪವರ್ ಇದೆ’ ಎಂದು ಎರಡು ಮಾತ್ರೆ ನುಂಗಿಬಿಡುತ್ತಾರೆ. ನಮ್ಮ ಕೆಲಸಕ್ಕೆ ಸೂತ್ರ ಸರಳವಾಗಿದೆ: ಹೆಸರಿನ ಹಿಂದೆ ಮುಂದೆ ಒಂದಕ್ಷರ ಹೆಚ್ಚು ಕಡಿಮೆ ಇದ್ದರೂ ಅದನ್ನು ಬೇರೆ ಔಷಧವೆಂದೇ ತಿಳಿದು ಪಕ್ಕಕ್ಕಿಡಬೇಕು.

ಮೆಟೊಪ್ರೊಲಾಲ್: ನಾಲ್ಕೂ ಸಂಗತಿ ಒಂದೇ ಮಾತ್ರೆಯಲ್ಲಿ

ಎರಡನೇ ಮಾತ್ರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜನರಿಕ್ ಹುಡುಕುವವರು ಎಡವುವ ಜಾಗಗಳೆಲ್ಲ ಇದೊಂದರಲ್ಲೇ ಇವೆ.

ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಮುಂದೆ 50 ಎಂದು ಬರೆದಿದೆ. ಸ್ಟ್ರಿಪ್ ಹಿಂದೆ ನೋಡಿದರೆ ‘ಮೆಟೊಪ್ರೊಲಾಲ್ ಸಕ್ಸಿನೇಟ್ 47.5 ಮಿ.ಗ್ರಾಂ, ಈಕ್ವಿವಲೆಂಟ್ ಟು ಮೆಟೊಪ್ರೊಲಾಲ್ ಟಾರ್ಟ್ರೇಟ್ 50 ಮಿ.ಗ್ರಾಂ’ ಎಂದಿದೆ. ಮೊದಲ ನೋಟಕ್ಕೆ ಇದು ಗೊಂದಲವೇ ಸರಿ. 47.5 ಎಂದರೆ ಕಡಿಮೆಯಾಯಿತೇ? ಇಲ್ಲ. ಮೆಟೊಪ್ರೊಲಾಲ್ ಎಂಬ ಔಷಧವನ್ನು ಎರಡು ಬಗೆಯ ಲವಣಗಳಾಗಿ ಮಾತ್ರೆಗೆ ಹಾಕುತ್ತಾರೆ, ಒಂದು ಟಾರ್ಟ್ರೇಟ್, ಇನ್ನೊಂದು ಸಕ್ಸಿನೇಟ್. ಎರಡರ ತೂಕ ಬೇರೆಯಾದ್ದರಿಂದ ಒಂದೇ ಪ್ರಮಾಣದ ಮೆಟೊಪ್ರೊಲಾಲ್ ಸಿಗಬೇಕಾದರೆ ಟಾರ್ಟ್ರೇಟ್ 50 ಮಿ.ಗ್ರಾಂ ಬೇಕು, ಸಕ್ಸಿನೇಟ್ ಆದರೆ 47.5 ಸಾಕು. ಹಾಗೆಯೇ ‘25’ ಎಂದು ಮಾರುವ ಮಾತ್ರೆಯ ಹಿಂದೆ 23.75 ಎಂದಿರುತ್ತದೆ. ಜನರಿಕ್ ಸ್ಟ್ರಿಪ್ ಮೇಲೆ ಕೆಲವೊಮ್ಮೆ 50 ಎಂದೂ ಕೆಲವೊಮ್ಮೆ 47.5 ಎಂದೂ ದೊಡ್ಡದಾಗಿ ಬರೆದಿರಬಹುದು. ಹಿಂಬದಿಯ ಪೂರ್ತಿ ಸಾಲು ಹೊಂದಿದರೆ ಎರಡೂ ಒಂದೇ.

ಇಷ್ಟು ಗೊತ್ತಾದ ಮೇಲೆ ಮುಂದಿನ ಅಪಾಯ ಕಾಣುತ್ತದೆ. ಅಂಗಡಿಯಲ್ಲಿ ಮೆಟೊಪ್ರೊಲಾಲ್ ಟಾರ್ಟ್ರೇಟ್ 50 ಮಿ.ಗ್ರಾಂನ ಸಾದಾ ಮಾತ್ರೆಯೂ ಸಿಗುತ್ತದೆ. ಕಾಗದದ ಮೇಲಿನ ಲೆಕ್ಕದಲ್ಲಿ ಅದು ಅಮ್ಮನ ಮಾತ್ರೆಗೆ ಸಮವೇ. ಆದರೆ ಸಾದಾ ಮಾತ್ರೆ ಒಮ್ಮೆಲೇ ಕರಗುತ್ತದೆ, ಔಷಧದ ಮಟ್ಟ ರಕ್ತದಲ್ಲಿ ಬೇಗ ಏರಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅದನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಸಕ್ಸಿನೇಟ್ ಮಾತ್ರೆ ನಿಧಾನವಾಗಿ, ದಿನವಿಡೀ ಸಮನಾಗಿ ಔಷಧ ಬಿಡುವಂತೆ ತಯಾರಾದದ್ದು. ದಿನಕ್ಕೊಂದು ಎಂದು ಬರೆದ ಚೀಟಿಗೆ ಟಾರ್ಟ್ರೇಟ್ ತಂದರೆ ಬೆಳಗಿನ ಹೊತ್ತು ನಾಡಿ ಹೆಚ್ಚು ಇಳಿದು, ರಾತ್ರಿಯ ಹೊತ್ತಿಗೆ ರಕ್ಷಣೆಯೇ ಇಲ್ಲದಂತಾಗಬಹುದು. ಹೃದಯದ ದೌರ್ಬಲ್ಯಕ್ಕೆ ಈ ಮಾತ್ರೆ ಕೊಟ್ಟಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಆ ಕಾಯಿಲೆಯಲ್ಲಿ ಪ್ರಯೋಜನ ದೃಢಪಟ್ಟಿರುವುದು ಸಕ್ಸಿನೇಟ್‌ನ ನಿಧಾನ ಬಿಡುಗಡೆಯ ರೂಪಕ್ಕೆ.

ನಿಧಾನ ಬಿಡುಗಡೆಯನ್ನು ಸೂಚಿಸಲು ಕಂಪನಿಗಳು ಒಂದೇ ಅಕ್ಷರಗಳನ್ನು ಬಳಸುವುದಿಲ್ಲ. ಇಆರ್, ಎಕ್ಸ್‌ಎಲ್, ಎಕ್ಸ್‌ಆರ್, ಎಸ್‌ಆರ್, ಪಿಆರ್ ಎಲ್ಲವೂ ಕಾಣಸಿಗುತ್ತವೆ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿರುವ ಇಂಥ ಅಕ್ಷರಗಳನ್ನು ಎಂದೂ ಬಿಟ್ಟು ಓದಬಾರದು. ಅದೇ ಬಾಲ ಕೆಲವೊಮ್ಮೆ ಇನ್ನೊಂದು ಔಷಧ ಸೇರಿದೆ ಎಂಬುದನ್ನೂ ಹೇಳುತ್ತದೆ. ಬಿಪಿ ಮಾತ್ರೆಗಳಲ್ಲಿ ‘ಎಎಂ’ ಎಂದರೆ ಬಹುಪಾಲು ಆಮ್ಲೋಡಿಪಿನ್, ‘ಎಚ್’ ಎಂದರೆ ನೀರು ಹೊರಹಾಕುವ ಹೈಡ್ರೋಕ್ಲೋರೋಥಯಜೈಡ್. ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಬಾಲ ಮಾತ್ರ ಬೇರೆಯಾದ ನಾಲ್ಕೈದು ಮಾತ್ರೆಗಳು ಇರುವುದರಿಂದ, ಚೀಟಿಯ ಕೈಬರಹ ಅಸ್ಪಷ್ಟವಾಗಿದ್ದರೆ ಊಹಿಸದೆ ವೈದ್ಯರನ್ನೇ ಕೇಳಬೇಕು.

ಎರಡನೇ ಹೆಜ್ಜೆ: ಒಂದು ಕಾಗದದ ಮೇಲೆ ಬರೆದುಕೊಳ್ಳುವುದು

ಓದಿದ್ದನ್ನು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಡಿ. ಬ್ರ್ಯಾಂಡ್ ಹೆಸರಿಲ್ಲದ ಒಂದೊಂದು ಸಾಲನ್ನು ಬರೆದುಕೊಳ್ಳಿ. ಅಮ್ಮನ ಕಾಗದದ ಮೇಲೆ ನಾನು ಬರೆದದ್ದು ಹೀಗಿತ್ತು:

```
Telmisartan 40 mg + Amlodipine 5 mg
Metoprolol Succinate 47.5 mg (= 50 mg), ER
Levothyroxine (Thyroxine Sodium) 50 mcg
```

ಮೂರನೇ ಸಾಲಿನ ಕೊನೆಯಲ್ಲಿರುವುದು ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಥೈರಾಯ್ಡ್ ಮಾತ್ರೆ 12.5, 25, 50, 75, 88, 100 ಹೀಗೆ ಹತ್ತಿರ ಹತ್ತಿರದ ಪ್ರಮಾಣಗಳಲ್ಲಿ ಬರುವುದರಿಂದ ಸಂಖ್ಯೆಯನ್ನೂ ಅಳತೆಯನ್ನೂ ಎರಡು ಬಾರಿ ನೋಡಿ ಬರೆಯಿರಿ.

ಮೂರನೇ ಹೆಜ್ಜೆ: ಹುಡುಕುವುದು

ಸರ್ಕಾರದ ಎರಡು ಆ್ಯಪ್‌ಗಳು ಈ ಕೆಲಸಕ್ಕೆ ಸಾಕು. ಮೊದಲನೆಯದು `Janaushadhi Sugam`. ಪ್ರಧಾನಮಂತ್ರಿ ಭಾರತೀಯ ಜನೌಷಧಿ ಪರಿಯೋಜನೆಯ ಕೇಂದ್ರಗಳಲ್ಲಿ ಯಾವ ಔಷಧಗಳು ಸಿಗುತ್ತವೆ, ಅವುಗಳ ಬೆಲೆ ಎಷ್ಟು, ಹತ್ತಿರದ ಕೇಂದ್ರ ಎಲ್ಲಿದೆ ಎಂಬುದನ್ನು ಇದರಲ್ಲಿ ನೋಡಬಹುದು. ಎರಡನೆಯದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ `Pharma Sahi Daam`. ಬ್ರ್ಯಾಂಡ್ ಹೆಸರು ಹಾಕಿದರೆ ಅದರ ಕಂಪೊಸಿಷನ್ ಮತ್ತು ಬೆಲೆಯ ಜೊತೆಗೆ ಅದೇ ಕಂಪೊಸಿಷನ್ನಿನ ಬೇರೆ ಬ್ರ್ಯಾಂಡ್‌ಗಳನ್ನೂ ಇದು ತೋರಿಸುತ್ತದೆ.

ಹುಡುಕುವಾಗ ಪೂರ್ತಿ ಸಾಲನ್ನು ಟೈಪ್ ಮಾಡಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ಪದಗಳ ಕ್ರಮ ಬೇರೆ ಇರುತ್ತದೆ. ಆದ್ದರಿಂದ `Metoprolol` ಎಂದಷ್ಟೇ ಹಾಕಿ, ಬರುವ ಎಲ್ಲ ಸಾಲುಗಳನ್ನೂ ನಮ್ಮ ಕಾಗದದ ಜೊತೆ ಒಂದೊಂದಾಗಿ ಹೋಲಿಸುವುದು ಒಳ್ಳೆಯದು. 25 ಮತ್ತು 50, ಟಾರ್ಟ್ರೇಟ್ ಮತ್ತು ಸಕ್ಸಿನೇಟ್, ಆಮ್ಲೋಡಿಪಿನ್ ಜೊತೆಗೂಡಿದ್ದು ಮತ್ತು ಒಂಟಿಯಾಗಿರುವುದು ಎಲ್ಲ ಕಲೆತು ಬರುತ್ತವೆ. ಅವುಗಳಲ್ಲಿ ನಾಲ್ಕೂ ಸಂಗತಿ ಹೊಂದುವ ಸಾಲನ್ನು ಮಾತ್ರ ಗುರುತು ಹಾಕಿಕೊಳ್ಳಿ. ಆನ್‌ಲೈನ್ ಔಷಧಾಂಗಡಿಗಳ ಪುಟಗಳಲ್ಲೂ ‘ಸಬ್‌ಸ್ಟಿಟ್ಯೂಟ್’ ಎಂಬ ಪಟ್ಟಿ ಇರುತ್ತದೆ. ಅದು ಉಪಯುಕ್ತವೇ, ಆದರೆ ಅಂತಿಮವಲ್ಲ. ಅಲ್ಲಿ ಕಂಡ ಹೆಸರಿನ ಸ್ಟ್ರಿಪ್ ಫೋಟೋವನ್ನು ತೆರೆದು ಹಿಂಬದಿಯನ್ನು ಓದಿದ ಮೇಲೆಯೇ ಒಪ್ಪಬೇಕು.

ಎರಡು ಔಷಧ ಸೇರಿದ ಮಾತ್ರೆಯ ವಿಷಯದಲ್ಲಿ ಒಂದು ಮಾತು. ಟೆಲ್ಮಿಸಾರ್ಟಾನ್ ಮತ್ತು ಆಮ್ಲೋಡಿಪಿನ್ ಜೋಡಿ ಜನೌಷಧಿಯಲ್ಲಿ ಒಂದೇ ಮಾತ್ರೆಯಾಗಿ ಸಿಗುತ್ತದೆ. ಆದರೆ ಅಪರೂಪದ ಜೋಡಿಗಳು ಸಿಗದಿರಬಹುದು, ಅಥವಾ ಆ ದಿನ ಕೇಂದ್ರದಲ್ಲಿ ಸ್ಟಾಕ್ ಇಲ್ಲದಿರಬಹುದು. ಆಗ ಎರಡನ್ನೂ ಬೇರೆ ಬೇರೆ ಮಾತ್ರೆಗಳಾಗಿ ತೆಗೆದುಕೊಂಡರೂ ಔಷಧ ಅದೇ, ಪ್ರಮಾಣ ಅದೇ. ಕೆಲವೊಮ್ಮೆ ಬೆಲೆ ಇನ್ನೂ ಕಡಿಮೆಯಾಗುತ್ತದೆ. ಒಂಟಿ ಔಷಧಗಳಲ್ಲಿ ಅನೇಕವು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದು, 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಅವಕ್ಕೆ ಗರಿಷ್ಠ ಬೆಲೆ ನಿಗದಿಯಾಗಿರುವುದು ಇದಕ್ಕೆ ಕಾರಣ. ಜೋಡಿ ಮಾತ್ರೆಗಳಲ್ಲಿ ಹೆಚ್ಚಿನವು ಆ ಪಟ್ಟಿಯಲ್ಲಿಲ್ಲ. ಪಟ್ಟಿಯ ಹೊರಗಿರುವ ಔಷಧದ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇಕಡ 10ರವರೆಗೆ ಏರಿಸಬಹುದು. ಹೀಗಿದ್ದರೂ ಒಂದು ಮಾತ್ರೆ ಎರಡಾದಾಗ ವಯಸ್ಸಾದವರು ಒಂದನ್ನು ಮರೆಯುವ ಸಾಧ್ಯತೆ ಹೆಚ್ಚು. ವೈದ್ಯರನ್ನು ಕೇಳದೆ ಹೀಗೆ ಒಡೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೇ ಹೆಜ್ಜೆ: ಸ್ಟ್ರಿಪ್ ಬೆಲೆಯನ್ನಲ್ಲ, ಮಾತ್ರೆಯ ಬೆಲೆಯನ್ನು ಹೋಲಿಸುವುದು

ಸ್ಟ್ರಿಪ್‌ನಲ್ಲಿ 10 ಮಾತ್ರೆಗಳಿರಬಹುದು, 14 ಅಥವಾ 15 ಇರಬಹುದು, ಥೈರಾಯ್ಡ್ ಮಾತ್ರೆಯಾದರೆ 100ರ ಡಬ್ಬಿಯೇ ಇರಬಹುದು. ಲೆಕ್ಕದ ರೀತಿ ತಿಳಿಯಲೆಂದು ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಯಾವ ಕಂಪನಿಯ ನಿಜ ಬೆಲೆಯೂ ಅಲ್ಲ. ಚೀಟಿಯಲ್ಲಿರುವ ಬ್ರ್ಯಾಂಡ್ 15 ಮಾತ್ರೆಗೆ 210 ರೂಪಾಯಿ ಎಂದುಕೊಂಡರೆ ಒಂದು ಮಾತ್ರೆಗೆ 14 ರೂಪಾಯಿ. ಇನ್ನೊಂದು ಕಂಪನಿಯದು 10 ಮಾತ್ರೆಗೆ 150 ರೂಪಾಯಿ ಎಂದು ಮುದ್ರಿಸಿ, ಅಂಗಡಿಯವರು ‘ಜನರಿಕ್ ಇದು, ಅರ್ಧ ಬೆಲೆಗೆ ಕೊಡುತ್ತೇನೆ’ ಎಂದರೆ ಕೈಯಿಂದ ಹೋಗುವುದು 75, ಅಂದರೆ ಮಾತ್ರೆಗೆ 7.50. ಮೂರನೆಯದು 10 ಮಾತ್ರೆಗೆ 30 ರೂಪಾಯಿ ಎಂದು ಮುದ್ರಿಸಿ, ರಿಯಾಯಿತಿ ಏನೂ ಇಲ್ಲದೆ ಮಾರುವ ಮಾತ್ರೆ, ಒಂದಕ್ಕೆ 3 ರೂಪಾಯಿ. ಶೇಕಡ 50 ರಿಯಾಯಿತಿ ಎಂದಾಗ ಹಿಗ್ಗುವ ಮನಸ್ಸಿಗೆ ಮೂರನೆಯದು ಕಾಣುವುದೇ ಇಲ್ಲ. ಆದ್ದರಿಂದ ರಿಯಾಯಿತಿಯನ್ನು ಮರೆತು, ಕೊಟ್ಟ ಹಣವನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು 30ರಿಂದ ಗುಣಿಸಿ, ತಿಂಗಳ ಖರ್ಚನ್ನು ಕಾಗದದ ಮೇಲೆ ಆಯಾ ಸಾಲಿನ ಮುಂದೆ ಬರೆಯಿರಿ. ಇಲ್ಲಿಯ ಅಂಕಿಗಳಲ್ಲಿ ಅದು 420, 225 ಮತ್ತು 90 ರೂಪಾಯಿ.

ಜನೌಷಧಿಯ ಬೆಲೆಯನ್ನು ನಿಗದಿಪಡಿಸುವ ಕ್ರಮವೂ ಇದೇ ಕಾರಣಕ್ಕೆ ತಿಳಿದಿರಬೇಕು. ಮಾರುಕಟ್ಟೆಯ ಮೊದಲ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ಅಲ್ಲಿಯ ಬೆಲೆ ಮೀರಬಾರದು ಎಂಬುದು ಆ ಯೋಜನೆಯ ನಿಯಮ. ಅಲ್ಲಿ ಮುದ್ರಿತ ಬೆಲೆಯೇ ಕಡಿಮೆ ಇರುತ್ತದೆ, ಚೌಕಾಸಿಗೆ ಎಡೆಯಿಲ್ಲ.

ಐದನೇ ಹೆಜ್ಜೆ: ವೈದ್ಯರಿಂದ ಔಷಧದ ಹೆಸರಿನಲ್ಲೇ ಬರೆಸಿಕೊಳ್ಳುವುದು

ಇಷ್ಟೆಲ್ಲ ಹುಡುಕಿದ ಮೇಲೂ ಬ್ರ್ಯಾಂಡ್ ಹೆಸರಿನ ಚೀಟಿ ಹಿಡಿದುಕೊಂಡು ‘ಇದರ ಬದಲು ಅಗ್ಗದ್ದು ಕೊಡಿ’ ಎಂದು ಕೇಳಿದರೆ ಅಂಗಡಿಯವರು ಹಿಂಜರಿಯಬಹುದು. ಅದಕ್ಕೆ ಲಾಭದಾಸೆ ಮಾತ್ರ ಕಾರಣವೆಂದು ತಿಳಿಯಬೇಡಿ. 1945ರ ಔಷಧ ನಿಯಮಗಳ 65ನೇ ನಿಯಮ, ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬಹುದಾದ ಔಷಧಗಳ ಪಟ್ಟಿಗಳಾದ ಶೆಡ್ಯೂಲ್ ಎಚ್ ಮತ್ತು ಎಕ್ಸ್‌ಗೆ ಸೇರಿದ ಔಷಧಗಳ ವಿಷಯದಲ್ಲಿ ಚೀಟಿಯಲ್ಲಿ ಬರೆದದ್ದರ ಬದಲು ಬೇರೆಯದನ್ನು, ಅದರೊಳಗಿನ ವಸ್ತು ಒಂದೇ ಆಗಿದ್ದರೂ, ಕೊಡಕೂಡದು ಎನ್ನುತ್ತದೆ. ಬಿಪಿ ಮಾತ್ರೆಗಳು ಶೆಡ್ಯೂಲ್ ಎಚ್‌ನವು. ಕಾನೂನನ್ನು ಪಾಲಿಸುವ ಫಾರ್ಮಸಿಸ್ಟ್‌ಗೆ ಇದು ನಿಜವಾದ ಇಕ್ಕಟ್ಟು, ನಾನೂ ಕೌಂಟರಿನ ಹಿಂದೆ ನಿಂತು ಅದನ್ನು ಅನುಭವಿಸಿದ್ದೇನೆ.

ಬಿಡಿಸುವ ದಾರಿ ವೈದ್ಯರ ಬಳಿಯಿದೆ. ವೈದ್ಯರು ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ವೃತ್ತಿ ನಿಯಮಗಳಿಗೆ ತಿದ್ದುಪಡಿ ತಂದಿತ್ತು. ಅದನ್ನು ಎತ್ತಿ ವಾದಿಸಲು ಹೋಗುವುದಕ್ಕಿಂತ, ಬರೆದುಕೊಂಡ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರೆ ಕೆಲಸ ಸುಲಭ. ನಾನು ಅಮ್ಮನ ಜೊತೆ ಹೋದಾಗ ಕೇಳಿದ್ದು ಇಷ್ಟೇ: ‘ಮೇಡಂ, ಈ ಮೂರು ಮಾತ್ರೆಗಳನ್ನು ಅಮ್ಮ ಯಾವಾಗಲೂ ತಗೋಬೇಕು. ಕಂಪನಿ ಹೆಸರಿನ ಬದಲು ಔಷಧದ ಹೆಸರಲ್ಲೇ ಬರೆದುಕೊಟ್ಟರೆ ಜನೌಷಧಿಯಲ್ಲಿ ತಗೋತೀವಿ. ಇವುಗಳಲ್ಲಿ ಬದಲಾಯಿಸಬಾರದು ಅನ್ನೋದು ಯಾವುದಾದರೂ ಇದೆಯಾ?’ ಅವರು ಕಾಗದವನ್ನು ಓದಿ, ಮೊದಲ ಎರಡನ್ನು ಹಾಗೆಯೇ ಬರೆದರು. ಮೂರನೆಯದರ ಮೇಲೆ ಬೆರಳಿಟ್ಟು, ‘ಅಮ್ಮನ ಥೈರಾಯ್ಡ್ ಈಗ ತಾನೇ ಹತೋಟಿಗೆ ಬಂದಿದೆ. ಇದೊಂದು ಹಾಗೇ ಇರಲಿ’ ಎಂದರು. ಕೊನೆಯ ಪ್ರಶ್ನೆಯನ್ನು ಕೇಳಲೇಬೇಕು ಎನ್ನುವುದು ಇದಕ್ಕಾಗಿಯೇ.

ಹಾಗೇ ಇರಬೇಕಾದ ಮಾತ್ರೆಗಳು

ಕೆಲವು ಔಷಧಗಳಲ್ಲಿ ಸಾಕಾಗುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಥೈರಾಯ್ಡ್‌ನ ಲೆವೊಥೈರಾಕ್ಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಮೂತ್ರಪಿಂಡ ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ಈ ಗುಂಪಿನವು. ಇವುಗಳಲ್ಲೂ ಜನರಿಕ್ ಬಳಸಬಾರದೆಂದಿಲ್ಲ. ಬಾರಿ ಬಾರಿಗೂ ತಯಾರಕರು ಬದಲಾಗಬಾರದು, ಬದಲಾದರೆ ರಕ್ತಪರೀಕ್ಷೆ ಆಗಬೇಕು ಎಂಬುದು ಇಲ್ಲಿಯ ನಿಯಮ. ಥೈರಾಯ್ಡ್ ಮಾತ್ರೆಯ ಕಂಪನಿ ಬದಲಾದರೆ 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಅದಕ್ಕೆ ಮೊದಲು ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಂತಿರುವುದಿಲ್ಲ. ಉಸಿರಾಟದ ಇನ್‌ಹೇಲರ್ ಮತ್ತು ಇನ್ಸುಲಿನ್‌ಗಳನ್ನು ಕಂಪೊಸಿಷನ್ ಸಾಲು ನೋಡಿ ಬದಲಾಯಿಸುವ ಪ್ರಯತ್ನವೇ ಬೇಡ. ಅಲ್ಲಿ ಉಪಕರಣ ಮತ್ತು ತಯಾರಿಕೆಯ ವಿಧಾನವೂ ಔಷಧದ ಭಾಗವೇ.

ಜನೌಷಧಿ ಔಷಧಗಳನ್ನು ಟೆಂಡರ್ ಮೂಲಕ ಬೇರೆ ಬೇರೆ ಕಾರ್ಖಾನೆಗಳಿಂದ ಕೊಳ್ಳುತ್ತಾರೆ. ಹೊದಿಕೆ ಒಂದೇ ಆಗಿದ್ದರೂ ಒಳಗಿನ ತಯಾರಕರು ಬದಲಾಗಿರಬಹುದು. ಬಿಪಿ ಮಾತ್ರೆಗೆ ಇದು ದೊಡ್ಡ ವಿಷಯವಲ್ಲ, ಮೇಲಿನ ಗುಂಪಿಗೆ ವಿಷಯವೇ. ಸ್ಟ್ರಿಪ್ ಮೇಲೆ ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿರುವುದನ್ನು ಓದಿ ಹೋದ ತಿಂಗಳಿನದರ ಜೊತೆ ಹೋಲಿಸಬಹುದು.

ಆರನೇ ಹೆಜ್ಜೆ: ಕೌಂಟರಿನಲ್ಲೇ ಸ್ಟ್ರಿಪ್ ಪರಿಶೀಲಿಸುವುದು

ಹಣ ಕೊಡುವ ಮೊದಲು ಹೊಸ ಸ್ಟ್ರಿಪ್ಪನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ನಾಲ್ಕು ಸಂಗತಿಗಳನ್ನು ಮತ್ತೊಮ್ಮೆ ಓದಿ. ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ ಮುದ್ರಿತವಾಗಿವೆಯೇ ನೋಡಿ, ಬಿಲ್ಲಿನಲ್ಲಿ ಅದೇ ಬ್ಯಾಚ್ ಸಂಖ್ಯೆ ಬಂದಿದೆಯೇ ಗಮನಿಸಿ. ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಗುಣಮಟ್ಟದಲ್ಲಿ ವಿಫಲವಾದ ಔಷಧಗಳ ಪಟ್ಟಿಯನ್ನು ಬ್ಯಾಚ್ ಸಂಖ್ಯೆಯ ಸಹಿತ ಪ್ರತಿ ತಿಂಗಳು ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಬ್ರ್ಯಾಂಡ್ ಮಾತ್ರೆಗಳೂ ಇರುತ್ತವೆ, ಜನರಿಕ್‌ಗಳೂ ಇರುತ್ತವೆ. ಬ್ಯಾಚ್ ಸಂಖ್ಯೆ ಇರುವ ಬಿಲ್ ಕೈಯಲ್ಲಿದ್ದರೆ ಮಾತ್ರ ನಾವು ಹೋಲಿಸಲು ಸಾಧ್ಯ, ದೂರು ಕೊಡಲೂ ಸಾಧ್ಯ.

ಟೆಲ್ಮಿಸಾರ್ಟಾನ್ ಮಾತ್ರೆಗೆ ಮಾತ್ರ ಅನ್ವಯಿಸುವ ಇನ್ನೊಂದು ಪರಿಶೀಲನೆ ಇದೆ. ಈ ಮಾತ್ರೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಆದ್ದರಿಂದ ಎರಡೂ ಬದಿ ಅಲ್ಯುಮಿನಿಯಂ ಇರುವ ಗಟ್ಟಿ ಸ್ಟ್ರಿಪ್ಪನ್ನೇ ಆರಿಸಿ. ವಾರದ ಮಾತ್ರೆಗಳನ್ನು ಖಾನೆ ಡಬ್ಬಿಗೆ ಬಿಡಿಸಿಡುವ ಅಭ್ಯಾಸವಿದ್ದರೆ ಇದೊಂದನ್ನು ಸ್ಟ್ರಿಪ್ಪಿನಲ್ಲೇ ಬಿಟ್ಟು, ನುಂಗುವ ಹೊತ್ತಿಗೆ ಬಿಡಿಸಬೇಕು. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದನ್ನು ಮರೆತರೆ ಮಾತ್ರೆ ಮೆತ್ತಗಾಗಿರುವುದು ಬೆರಳಿಗೇ ತಿಳಿಯುತ್ತದೆ. ಆಗ ‘ಜನರಿಕ್ ಸರಿಯಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಅನ್ಯಾಯ.

ಏಳನೇ ಹೆಜ್ಜೆ: ಬದಲಾಯಿಸಿದ ಮೊದಲ ತಿಂಗಳು

ಬದಲಾವಣೆಯ ದಿನ ನಾನು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು ಎರಡು ಪಟ್ಟು ನುಂಗುವುದಕ್ಕೆ. ಒಮ್ಮೆ ಒಬ್ಬ ಅಜ್ಜ ತಲೆಸುತ್ತು ಬರುತ್ತಿದೆ ಎನ್ನುತ್ತ ಕೌಂಟರಿಗೆ ಬಂದು, ಜೇಬಿನಿಂದ ಎರಡು ಸ್ಟ್ರಿಪ್ ತೆಗೆದಿಟ್ಟರು. ಒಂದು ಹಳೆಯ ಬ್ರ್ಯಾಂಡಿನದು, ಇನ್ನೊಂದು ಹೊಸದಾಗಿ ಬರೆಸಿಕೊಂಡ ಜನರಿಕ್. ಹಿಂಬದಿಯಲ್ಲಿ ಎರಡೂ ಮೆಟೊಪ್ರೊಲಾಲ್ ಸಕ್ಸಿನೇಟ್ 47.5. ‘ಅಜ್ಜಾ, ಇವೆರಡನ್ನೂ ತಗೋತಿದ್ದೀರಾ?’ ಎಂದರೆ, ‘ಹೂಂ, ಹಳೇದು ಬೆಳಿಗ್ಗೆ, ಡಾಕ್ಟ್ರು ಹೊಸದಾಗಿ ಕೊಟ್ಟಿದ್ದು ರಾತ್ರಿ’ ಎಂದರು. ನಾಡಿ ಹಿಡಿದು ನೋಡಿದಾಗ ನಿಮಿಷಕ್ಕೆ 46 ಇತ್ತು. ತಕ್ಷಣ ವೈದ್ಯರ ಬಳಿ ಕಳುಹಿಸಿದೆವು. ಬಣ್ಣ, ಆಕಾರ, ಹೆಸರು ಮೂರೂ ಬೇರೆಯಾದಾಗ ವಯಸ್ಸಾದವರಿಗೆ ಅದು ಹೊಸ ಮಾತ್ರೆ ಎಂದೇ ಅನಿಸುತ್ತದೆ. ಆದ್ದರಿಂದ ಹಳೆಯ ಸ್ಟ್ರಿಪ್ ಪೂರ್ತಿ ಮುಗಿದ ಮೇಲೆಯೇ ಹೊಸದನ್ನು ತೆರೆಯಿರಿ. ಹೊಸ ಸ್ಟ್ರಿಪ್ ಮೇಲೆ ‘ಹಳೆಯ ಬಿಳಿ ಬಿಪಿ ಮಾತ್ರೆಯ ಬದಲು’ ಎಂದು ದಪ್ಪ ಪೆನ್ನಿನಲ್ಲಿ ಕನ್ನಡದಲ್ಲಿ ಬರೆಯಿರಿ. ಹಾಗೆಂದು ನಡುವೆ ಒಂದೆರಡು ದಿನ ಖಾಲಿ ಬಿಡುವುದೂ ಅಪಾಯವೇ. ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು, ಬಿಪಿ ಏರಿಕೆ ಆಗಬಹುದು. ಆ ಮಾತ್ರೆಯನ್ನು ಜಗಿಯುವುದು, ಪುಡಿ ಮಾಡುವುದು ಕೂಡದು, ಬ್ರ್ಯಾಂಡಾದರೂ ಅಷ್ಟೇ, ಜನರಿಕ್ ಆದರೂ ಅಷ್ಟೇ.

ಬದಲಾಯಿಸುವ ಮೊದಲಿನ ಒಂದು ವಾರ ದಿನವೂ ಒಂದೇ ಹೊತ್ತಿಗೆ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಬಿಪಿ ಮತ್ತು ನಾಡಿ ನೋಡಿ ಬರೆದಿಡಿ. ಬದಲಾದ ನಂತರ ಎರಡನೇ ಮತ್ತು ಮೂರನೇ ವಾರದಲ್ಲಿ ಹಾಗೆಯೇ ಬರೆಯಿರಿ. ಮೊದಲ ಎರಡು ಮೂರು ದಿನಗಳ ಅಂಕಿ ನೋಡಿ ಏನನ್ನೂ ನಿರ್ಧರಿಸಲಾಗದು, ಏಕೆಂದರೆ ಆಮ್ಲೋಡಿಪಿನ್ ದೇಹದಲ್ಲಿ ಬಹಳ ಹೊತ್ತು ಉಳಿಯುವ ಔಷಧ, ಹಳೆಯ ಮಾತ್ರೆಯ ಪರಿಣಾಮ ಇಳಿದು ಹೊಸದು ನೆಲೆಗೊಳ್ಳಲು ಸುಮಾರು ಒಂದು ವಾರ ಬೇಕು. ಎರಡೂ ಅವಧಿಯ ಸರಾಸರಿ ಹತ್ತಿರ ಹತ್ತಿರ ಇದ್ದರೆ ಬದಲಾವಣೆ ಸರಿಹೊಂದಿದೆ ಎಂದು ತಿಳಿಯಬಹುದು. ಮೇಲಿನ ಅಂಕಿ ಸತತವಾಗಿ ಹತ್ತಕ್ಕಿಂತ ಹೆಚ್ಚು ಏರಿ ನಿಂತರೆ ಆ ಕಾಗದವನ್ನು ವೈದ್ಯರಿಗೆ ತೋರಿಸಬೇಕು. ನಾಡಿ 50ಕ್ಕಿಂತ ಕೆಳಗಿಳಿದರೆ, ತಲೆಸುತ್ತು ಬಂದರೆ, ಪಾದ ಊದಿದರೆ, ಮೈಮೇಲೆ ಗಂಧೆ ಎದ್ದರೆ ಮೂರನೇ ವಾರದವರೆಗೂ ಕಾಯಬಾರದು.

ಒಂದು ಮಿತಿಯನ್ನೂ ಹೇಳಿಬಿಡಬೇಕು. ಕಂಪೊಸಿಷನ್ ಸಾಲು ಹೊಂದಿದರೆ ಮಾತ್ರೆಯೊಳಗಿನ ಔಷಧ ಒಂದೇ ಎಂದು ತಿಳಿಯುತ್ತದೆ. ಅದು ರಕ್ತಕ್ಕೆ ಅಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ಸೇರುತ್ತದೆಯೇ ಎಂಬುದನ್ನು ತಿಳಿಯಲು ಬೇರೆಯೇ ಪರೀಕ್ಷೆ ಬೇಕು. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳಿಗೆ ಆ ಪರೀಕ್ಷೆಯನ್ನು ನಮ್ಮ ದೇಶದಲ್ಲಿ 2017ರ ತಿದ್ದುಪಡಿಯಿಂದ ಕಡ್ಡಾಯ ಮಾಡಿದ್ದಾರೆ. ಅದಕ್ಕೂ ಮೊದಲು ಪರವಾನಗಿ ಪಡೆದ ಮಾತ್ರೆಗಳು ಈಗಲೂ ಮಾರುಕಟ್ಟೆಯಲ್ಲಿವೆ, ಮತ್ತು ಸ್ಟ್ರಿಪ್ ನೋಡಿ ಇದನ್ನು ಕಂಡುಹಿಡಿಯಲು ಆಗುವುದಿಲ್ಲ. ಬಿಪಿ ಯಂತ್ರದ ಆ ಮೂರು ವಾರಗಳ ಬರಹ ಬೇಕಾಗಿರುವುದು ಇದಕ್ಕಾಗಿಯೇ. ಅಮ್ಮನ ಬರಹದಲ್ಲಿ ಬದಲಾವಣೆಗೆ ಮೊದಲಿನ ವಾರದ ಸರಾಸರಿ 132/80, ಮೂರನೇ ವಾರದ್ದು 130/78, ನಾಡಿ ಎರಡರಲ್ಲೂ 68ರ ಆಸುಪಾಸು. ಆ ಹಾಳೆಯನ್ನು ಚೀಟಿಯ ಜೊತೆಗೇ ಪಿನ್ ಮಾಡಿ ಇಟ್ಟಿದ್ದೇವೆ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಲು.